ಕಲ್ಲು ನಿಲ್ಲಿಸಿದವರು ಯಾರು

‘ಆದ್ದರಿಂದ’ ಎಂಬ ಪದ ಕಂಡರೆ ಮೇಡಂಗೆ ಮೈಮೇಲೆ ಬರುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಹೇಳಿಕೊಂಡು ತಿರುಗುತ್ತಾರೆ. ಸುಳ್ಳೇನಲ್ಲ. ಕೊಪ್ಪದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಲು ಬಂದ ಮೇಲೆ ನಾನು ತಿದ್ದಿದ ಕಾಗದಗಳಲ್ಲಿ ಅತಿ ಹೆಚ್ಚು ಕೆಂಪು ಸುತ್ತು ಬಿದ್ದಿರುವುದು ಆ ಪದದ ಮೇಲೆಯೇ. ಕಾಗುಣಿತ ತಪ್ಪಾದರೆ ಕ್ಷಮಿಸುತ್ತೇನೆ, ‘ಆದ್ದರಿಂದ’ವನ್ನು ಕ್ಷಮಿಸುವುದಿಲ್ಲ.

ಕಾರಣ ಇದೆ. ಆಧಾರ ಈಚೆ ದಡದಲ್ಲಿರುತ್ತದೆ, ತೀರ್ಮಾನ ಆಚೆ ದಡದಲ್ಲಿ. ನಡುವೆ ಹಳ್ಳ. ಬರೆಯುವವರು ‘ಆದ್ದರಿಂದ’ ಎಂದು ಒಂದು ಮಾತು ಹೇಳಿ ಆಚೆ ನಿಂತುಬಿಡುತ್ತಾರೆ. ಯಾವ ಸಂಕ, ಯಾವ ಕಾಲುಸೇತುವೆ ದಾಟಿ ಹೋದೆ ಮಾರಾಯ್ತಿ ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಸಂಕ ಇದ್ದೇ ಇರುತ್ತದೆ, ಇಲ್ಲದಿದ್ದರೆ ದಾಟುವುದಾದರೂ ಹೇಗೆ? ಆದರೆ ದಿನಾ ನಡೆಯುವ ಸಂಕದ ಮರ ಲಡ್ಡಾಗಿ ಕೊಳೆತಿದೆಯೋ ಗಟ್ಟಿಯಿದೆಯೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಒಬ್ಬ ಹುಡುಗ ಬರೆದಿದ್ದ: ಈ ಊರಿನಲ್ಲಿ ದೊಡ್ಡ ಕಲ್ಲಿನ ದೇವಸ್ಥಾನವಿದೆ, ಆದ್ದರಿಂದ ಈ ಊರು ಶ್ರೀಮಂತವಾಗಿತ್ತು. ದೇವಸ್ಥಾನ ಕಟ್ಟಿದ್ದು ಊರಿನವರ ದುಡ್ಡಿನಲ್ಲೇ ಎಂದು ನಿನಗೆ ಯಾರು ಹೇಳಿದರು, ದೂರದ ಅರಸನೊಬ್ಬ ಹರಕೆ ತೀರಿಸಿಕೊಂಡಿರಬಾರದೇ ಎಂದು ಕೇಳಿದೆ. ಅವನು ಯೋಚನೆ ಮಾಡುವ ಬದಲು, ‘ಎಲ್ಲಾರೂ ಹಂಗೇ ಬರೀತಾರಲ್ಲ ಮೇಡಂ’ ಎಂದ. ಅದೇ ನನ್ನ ಸಿಟ್ಟಿನ ಮೂಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಸಂಖ್ಯೆ ವಿದ್ವಾಂಸರಲ್ಲಿ ಕಡಿಮೆಯೇನಿಲ್ಲ.

ಇಷ್ಟು ಜೋರು ಮಾಡುವ ನನ್ನ ಕೈಕೆಳಗೇ ಆದದ್ದನ್ನು ಈಗ ಹೇಳಬೇಕು.

ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ನರಸಿಂಹರಾಜಪುರದ ಕಡೆಯ ಹೈಸ್ಕೂಲಿನ ಸಮಾಜ ವಿಜ್ಞಾನದ ಟೀಚರು. ನಲವತ್ತರ ಆಸುಪಾಸಿನ ಹೆಂಗಸು. ಬೆಳಿಗ್ಗೆ ಪಾಠ, ಮಧ್ಯಾಹ್ನ ಬಿಸಿಯೂಟದ ಲೆಕ್ಕ, ಸಂಜೆ ಮಕ್ಕಳು, ಇದರ ನಡುವೆ ಸಂಶೋಧನೆ. ವಿಷಯ, ಭದ್ರಾ ಹಿನ್ನೀರಿನ ಸುತ್ತಲಿನ ವೀರಗಲ್ಲುಗಳು. ಯುದ್ಧದಲ್ಲಿ ಸತ್ತವನ ನೆನಪಿಗೆ ನಿಲ್ಲಿಸುವ ಕಲ್ಲು ಅದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಎದುರು ಅವನು ಕೂತಿರುವುದು. ನಮ್ಮ ಕಡೆ ತೋಟದ ಬದಿಯಲ್ಲಿ, ದಾರಿ ಪಕ್ಕದಲ್ಲಿ ಪಾಚಿ ಹಿಡಿದು ನಿಂತಿರುತ್ತವೆ.

ಅವಳ ಪ್ರಬಂಧದ ಜೀವ ಇದ್ದದ್ದು ನಾಲ್ಕನೇ ಅಧ್ಯಾಯದಲ್ಲಿ, ಅದೂ ಅವಳ ತವರಿನ ಕಲ್ಲುಗಳ ಬಗ್ಗೆ. ಹಿನ್ನೀರಿನ ಮೇಲಿನ ದಿಬ್ಬದಲ್ಲಿ ಐದು ವೀರಗಲ್ಲು. ಐದರಲ್ಲೂ ಕೆಳಗೆ ದನಗಳನ್ನು ಕೆತ್ತಿದ್ದಾರೆ, ಅಂದರೆ ದನಗಳನ್ನು ಕದ್ದೊಯ್ಯಲು ಬಂದವರೊಡನೆ ನಡೆದ ತುರುಗಾಳಗ. ಬರಹ ಇದ್ದಿರಬಹುದಾದ ಪಟ್ಟಿ ಪೂರಾ ಸವೆದಿದೆ, ಒಂದರಲ್ಲಿ ನಾಲ್ಕಾರು ಅಕ್ಷರ ಬಿಟ್ಟರೆ ಊರಿನ ಹೆಸರಿಲ್ಲ, ಅರಸನ ಹೆಸರಿಲ್ಲ. ದಿಬ್ಬದ ಹಿಂದೆ ಎರಡು ಗುಡ್ಡಗಳ ನಡುವೆ ಒಂದು ಕಣಿವೆ. ಅವಳು ಫೋನಿನಲ್ಲಿ ಜಾಗ ಗುರುತು ಹಾಕಿ, ಗುಡ್ಡ ಹತ್ತಿ ಇಳಿದು, ಬಣ್ಣಬಣ್ಣದ ನಕ್ಷೆ ಮಾಡಿದ್ದಳು. ಐದು ತುರುಗಾಳಗದ ಕಲ್ಲುಗಳು ಈ ಕಣಿವೆಯ ಬಾಯಲ್ಲಿವೆ, ಆದ್ದರಿಂದ ಮಧ್ಯಕಾಲದಲ್ಲಿ ದನಗಳ್ಳರ ದಾರಿ ಈ ಕಣಿವೆಯ ಮೂಲಕವೇ ಹಾದುಹೋಗುತ್ತಿತ್ತು. ಇದು ಅವಳ ತೀರ್ಮಾನ. ನಕ್ಷೆ ನೋಡಿದರೆ ಯಾರಾದರೂ ತಲೆದೂಗಬೇಕು. ನಾನೂ ತೂಗಿದ್ದೆ.

ವಿಶ್ವವಿದ್ಯಾಲಯ ಕೊಟ್ಟಿದ್ದ ಕಡೆಯ ವಾಯಿದೆ ಮುಗಿಯುತ್ತಾ ಬಂದಿತ್ತು. ಇನ್ನೊಮ್ಮೆ ಮುಂದೂಡುವುದಿಲ್ಲ, ನೋಂದಣಿ ರದ್ದು ಎಂದು ಪತ್ರ ಬಂದಿತ್ತು. ಅಷ್ಟು ವರ್ಷದ ದುಡಿಮೆ ನೀರಲ್ಲಿ ಹೋಮ ಆಗುವ ಪರಿಸ್ಥಿತಿ. ಅವಳು ಕೊನೆಯ ಸಲ ತಿದ್ದಿಸಿಕೊಳ್ಳಲು ಸ್ಟಾಫ್ ರೂಮಿಗೆ ಬಂದಳು. ನಾನು ಓದುತ್ತಾ ನಾಲ್ಕನೇ ಅಧ್ಯಾಯದ ‘ಆದ್ದರಿಂದ’ಕ್ಕೆ ಬಂದು ಅಭ್ಯಾಸಬಲದಿಂದ ಒಂದು ಸುತ್ತು ಹಾಕಿದೆ.

‘ಮೇಡಂ, ಈಗಲಾದ್ರೂ ಬಿಡಿ ಅದನ್ನ’ ಎಂದಳು.

‘ಬಿಡ್ತೇನೆ. ಅದರ ಕೆಳಗೆ ಇರೋದನ್ನ ಒಂದು ವಾಕ್ಯದಲ್ಲಿ ಬರೆದುಕೊಡು.’

ಮೂಗು ಮುರಿದು ಬರೆದಳು: ‘ವೀರಗಲ್ಲನ್ನು ವೀರ ಸತ್ತ ಜಾಗದಲ್ಲಿ ನಿಲ್ಲಿಸುತ್ತಿದ್ದರು.’

ನೋಡಿ, ಮಾತು ಅಕ್ಷರಕ್ಕೆ ಬಂದ ಕೂಡಲೇ ಅದರ ಹುಳುಕು ಕಾಣತೊಡಗುತ್ತದೆ. ಸತ್ತ ಜಾಗದಲ್ಲೋ, ಅವನ ಸ್ವಂತ ಊರಿನಲ್ಲೋ? ಬೇರೆಲ್ಲೋ ಹೋರಾಡಿ ಸತ್ತವನಿಗೆ ಅವನ ಊರಿನವರು ತಮ್ಮಲ್ಲೇ ಕಲ್ಲು ನಿಲ್ಲಿಸಿದ್ದೂ ಉಂಟು. ಸ್ವಂತ ಊರಿನಲ್ಲಿ ಎಂದರೆ ದನಗಳ್ಳರ ದಾರಿಯ ಬಗ್ಗೆ ಆ ಕಲ್ಲು ಏನೂ ಹೇಳುವುದಿಲ್ಲ, ವೀರರು ಎಲ್ಲಿಯವರು ಎಂದಷ್ಟೇ ಹೇಳುತ್ತದೆ. ಇದಕ್ಕೆ ಅವಳ ಬಳಿ ಉತ್ತರವಿತ್ತು. ಅಕ್ಷರ ಉಳಿದಿರುವ ಸುತ್ತಲಿನ ಕಲ್ಲುಗಳನ್ನು ಅವಳು ಓದಿಸಿದ್ದಳು. ಅವುಗಳಲ್ಲಿ ಹೆಚ್ಚಿನವು, ಇದೇ ಊರಿನ ದನ ಹಿಡಿದಾಗ ಇಲ್ಲೇ ಕಾದಿ ಸತ್ತ ಎಂದೇ ಹೇಳುತ್ತಿದ್ದವು. ನಿಯಮಕ್ಕೊಂದು ಬೆಂಬಲ ಸಿಕ್ಕಿತು. ‘ಹೆಚ್ಚಿನವು’ ಎಂದಿರುವುದರಿಂದ ತೀರ್ಮಾನದಲ್ಲೂ ‘ಬಹುಮಟ್ಟಿಗೆ’ ಎಂದು ಸೇರಿಸು ಎಂದೆ. ಸೇರಿಸಿದಳು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಏನೋ ಒಂದು ಹೇಳದೆ ಉಳಿದಿದೆ ಅನ್ನಿಸುತ್ತಲೇ ಇತ್ತು, ಏನೆಂದು ಬಗೆಹರಿಯಲಿಲ್ಲ.

ನನಗೆ ಬಗೆಹರಿಯದ್ದನ್ನು ತೆಗೆದುಕೊಂಡು ಹೋಗಲು ಶೃಂಗೇರಿಯಲ್ಲಿ ಒಬ್ಬರಿದ್ದಾರೆ. ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ, ಅಂದರೆ ತರ್ಕ, ಹೇಳಿ ನಿವೃತ್ತರಾದವರು. ವೀರಗಲ್ಲಿನ ಬಗ್ಗೆ ಅವರಿಗೆ ಗೊತ್ತಿರುವುದು ಸೊನ್ನೆ, ವಾದದ ಬಗ್ಗೆ ಗೊತ್ತಿರುವುದು ಬೆಟ್ಟದಷ್ಟು. ಆ ಭಾನುವಾರ ಅವಳನ್ನು ಹರಿಹರಪುರದಲ್ಲಿ ಬಸ್ಸಿಂದ ಇಳಿಸಿಕೊಂಡು ನನ್ನ ಕಾರಿನಲ್ಲಿ ಶೃಂಗೇರಿಗೆ ಕರೆದುಕೊಂಡು ಹೋದೆ.

ಮೇಷ್ಟರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ‘ಎಂತ ಮಾರಾಯ್ತಿ, ಇವತ್ತು ಯಾರ ಕುತ್ತಿಗೆ ಹಿಡ್ಕೊಂಡು ಬಂದೆ?’ ಎಂದರು. ಅವಳನ್ನು ಪರಿಚಯಿಸಿದೆ. ಅವಳು ನಕ್ಷೆ ಹರಡಿ ಎಲ್ಲವನ್ನೂ ವಿವರಿಸಿದಳು. ಅವರು ನಕ್ಷೆಯನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರು.

‘ನಮ್ಮ ಹಳೇ ಪಾಠ ಒಂದಿದೆ ಮಗಾ. ಗುಡ್ಡದಲ್ಲಿ ಬೆಂಕಿ ಇದೆ, ಹೊಗೆ ಕಾಣ್ತಾ ಇರೋದ್ರಿಂದ. ಹೊಗೆ ನಿನ್ನ ಆಧಾರ. ಬೆಂಕಿ ನೀ ಸಾಧಿಸಬೇಕಾದ್ದು. ಇವೆರಡರ ಮಧ್ಯೆ ಇರೋದು, ಹೊಗೆ ಇದ್ದಲ್ಲೆಲ್ಲ ಬೆಂಕಿ ಇರ್ತದೆ ಅನ್ನೋ ಮಾತು. ಅದಕ್ಕೆ ವ್ಯಾಪ್ತಿ ಅಂತೇವೆ. ಅದು ಗಟ್ಟಿ ಇದ್ರೆ ವಾದ ಗಟ್ಟಿ. ನಿನ್ನ ವ್ಯಾಪ್ತಿ ಎಂತದು?’

ಅವಳು ಬರೆದುಕೊಂಡಿದ್ದ ವಾಕ್ಯವನ್ನು ಓದಿದಳು.

‘ಆಯ್ತು. ಈಗ ತಿರುಗಿಸಿ ನೋಡು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರ್ತದೆ ಅಂತ ಯಾರಾದ್ರೂ ಹೇಳಿದ್ರೆ?’

‘ಇರ್ತದಲ್ಲ’ ಎಂದಳು ಅವಳು.

‘ಕಮ್ಮಾರನ ಹತ್ರ ಹೋಗಿ ಕಾದ ಕಬ್ಬಿಣ ನೋಡು. ಕೆಂಪಗೆ ಬೆಂಕಿ, ಹೊಗೆ ಮಾತ್ರ ಇಲ್ಲ. ಹೊಗೆ ಬರೋದು ಹಸಿ ಕಟ್ಟಿಗೆ ಇದ್ರೆ. ಆ ಹಸಿ ಕಟ್ಟಿಗೆಗೆ ಉಪಾಧಿ ಅಂತ ಹೆಸರು. ಮಾತಲ್ಲಿ ಬಂದಿರೋದಿಲ್ಲ, ಅದಿಲ್ಲದೆ ಮಾತು ನಿಲ್ಲೋದೂ ಇಲ್ಲ. ನಮ್ಮ ಅಡಿಗೆಮನೇಲಿ ಕಟ್ಟಿಗೆ ಯಾವಾಗ್ಲೂ ಹಸಿಯೇ ಇರ್ತದೆ ನೋಡು, ಹಾಗಾಗಿ ನಮಗೆ ಅದು ಕಾಣೋದೇ ಇಲ್ಲ.’

ಅವರ ಸೊಸೆ ಕಾಫಿ ತಂದಿಟ್ಟರು. ಮೇಷ್ಟರು ಲೋಟ ಕೈಗೆತ್ತಿಕೊಂಡು, ಹವಾಮಾನ ಕೇಳುವವರ ಹಾಗೆ ಕೇಳಿದರು: ‘ಈ ಐದು ಕಲ್ಲನ್ನ ಈಗಿರೋ ಜಾಗದಲ್ಲಿ ನಿಲ್ಸಿದ್ದು ಯಾರು?’

‘ನಮ್ಮಜ್ಜ’ ಎಂದಳು ಅವಳು.

ತಕ್ಷಣ ಹೇಳಿದಳು, ಒಂದು ಕ್ಷಣವೂ ಯೋಚಿಸದೆ. ಹೇಳಿ ಕಾಫಿಗೆ ಚಾಚಿದ ಕೈ ಅಲ್ಲೇ ನಿಂತಿತು. ನಾನು ಕೈಗೆತ್ತಿಕೊಂಡಿದ್ದ ಲೋಟ ಕೆಳಗಿಟ್ಟೆ. ಮೇಷ್ಟರಿಗೆ ಮಾತ್ರ ಏನಾಯಿತೆಂದು ಗೊತ್ತಾಗಲಿಲ್ಲ. ‘ನಿಮ್ಮಜ್ಜ ಮಧ್ಯಕಾಲದವರಾ?’ ಎಂದು ನಕ್ಕರು. ನಮ್ಮಿಬ್ಬರ ಮುಖ ನೋಡಿ ನಗು ನಿಲ್ಲಿಸಿದರು.

ಓದುವವರಿಗೆ ಹೇಳಿಬಿಡುತ್ತೇನೆ. ಅವಳ ತವರು ಭದ್ರಾ ಅಣೆಕಟ್ಟೆಯಲ್ಲಿ ಮುಳುಗಿದ ಊರು. ನೀರು ಬರುವ ಮೊದಲು ಊರಿನವರೆಲ್ಲ ಮೇಲಿನ ದಿಬ್ಬಕ್ಕೆ ಬಂದು ನೆಲೆಯಾದರು. ಬರುವಾಗ ಬಾಗಿಲು, ಕಂಬ, ಹೆಂಚಿನ ಜೊತೆ ಊರ ದೈವಗಳಾದ ಚೌಡಿಯನ್ನೂ ಜಟ್ಟಿಗನನ್ನೂ ಈ ಐದು ಕಲ್ಲುಗಳನ್ನೂ ಎತ್ತಿನ ಗಾಡಿಯಲ್ಲಿ ತಂದರು. ಹೊಸ ಜಾಗಕ್ಕೆ ಹಳೆ ಊರಿನ ಹೆಸರನ್ನೇ ಇಟ್ಟರು. ಅಂದರೆ ಕಲ್ಲುಗಳು ಕಣಿವೆಯ ಬಾಯಿಗೆ ಬಂದದ್ದು ದನಗಳ್ಳರ ಕಾಲದಲ್ಲಲ್ಲ, ಎಂಜಿನಿಯರುಗಳ ಕಾಲದಲ್ಲಿ. ಇದು ಗುಟ್ಟೇನೂ ಅಲ್ಲ. ಆ ಊರಿನ ಮಕ್ಕಳೆಲ್ಲ ಗಾಡಿಯ ಕಥೆ ಕೇಳಿಯೇ ಬೆಳೆದವರು. ಸಂಶೋಧನೆಯ ಶುರುವಿನಲ್ಲಿ ನಾನು ಅಲ್ಲಿಗೆ ಹೋದಾಗ ಅವಳ ತಾಯಿ ನನಗೂ ಅದನ್ನು ಹೇಳಿದ್ದರು, ನಾನು ಕಡುಬು ತಿನ್ನುತ್ತಾ ಹೂಂಗುಟ್ಟಿದ್ದೆ.

‘ಕಲ್ಲು ನಿಂತಲ್ಲೇ ನಿಂತಿದೆ’ ಎಂಬ ವಾಕ್ಯವನ್ನು ಅವಳು ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಆ ಗಳಿಗೆಯಲ್ಲೇ ನಕ್ಕು ಹೊಡೆದುಹಾಕುತ್ತಿದ್ದಳು. ಬರೆಯದೆ ಇದ್ದುದರಿಂದಲೇ ಅದು ಇಷ್ಟು ವರ್ಷ ಬಾಳಿತು.

ಶೃಂಗೇರಿಯಿಂದ ಹೊರಟ ಮೇಲೆ ಅವಳು ನಕ್ಷೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ನೆಮ್ಮಾರ್ ಕಡೆಯಿಂದ ಬಂದ ಟೂರಿಸ್ಟ್ ಬಸ್ಸುಗಳ ಹಿಂದೆ ತೆವಳುತ್ತಾ ಊರು ದಾಟಿದೆವು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

‘ಮೇಡಂ, ಪರೀಕ್ಷಕರು ಹೊರಗಿನೋರು. ಅವರಿಗೆ ಇದೆಲ್ಲ ಗೊತ್ತಿರಲ್ಲ.’

ನಾನು ಗೇರು ಬದಲಿಸಿದೆ.

‘ನಕ್ಷೆ ಅಷ್ಟು ಚಂದ ಆಗಿದೆ. ಅಧ್ಯಾಯ ಹೋದ್ರೆ ಪ್ರಬಂಧ ಏನು ಉಳೀತು? ಸಬ್ಮಿಟ್ ಮಾಡಕ್ಕಾಗಲ್ಲ. ರಿಜಿಸ್ಟ್ರೇಷನ್ ಹೋಗತ್ತೆ. ನಮ್ಮ ಮನೇಲಿ ಏನಂತಾರೆ ಗೊತ್ತಾ? ಇಷ್ಟು ವರ್ಷ ಎಂತ ಕಿಸಿದೆ ಅಂತಾರೆ.’

ಈಗ ಬರೆಯುವಾಗ ನಾನು ದೊಡ್ಡ ಸತ್ಯಸಂಧಳ ಹಾಗೆ ಉತ್ತರಿಸಿದೆ ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ನಾನೂ ಒಂದೆರಡು ಮೈಲಿ ಆ ಆಸೆಯನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ಅವಳ ಕಷ್ಟ ನನಗೆ ಗೊತ್ತಿತ್ತು. ಅವಳ ಮೇಲೆ ಪ್ರೀತಿಯೂ ಇತ್ತು. ಆದರೆ ಪ್ರೀತಿ ಇದ್ದಲ್ಲೇ ನನಗೆ ಸಿಟ್ಟು ಬರುವುದು. ‘ನೋಡು, ನಿನ್ನ ತೀರ್ಮಾನ ಸುಳ್ಳು ಅಂತ ನಾನು ಹೇಳ್ತಿಲ್ಲ. ಆ ದಾರಿ ಅಲ್ಲೇ ಇತ್ತೋ ಏನೋ. ಆದ್ರೆ ಈ ಕಲ್ಲುಗಳು ಅದಕ್ಕೆ ಸಾಕ್ಷಿ ಅಲ್ಲ. ಸಾಕ್ಷಿ ಅಲ್ಲ ಅಂತ ನಿನಗೆ ಗೊತ್ತಾಗಿದೆ. ಗೊತ್ತಿದ್ದೂ ಬರೆದ್ರೆ ಅದನ್ನ ತಪ್ಪು ಅನ್ನಲ್ಲ, ಬೇರೆ ಹೆಸರಿದೆ’ ಎಂದು ಗದರಿದೆ. ಅವಳು ಅತ್ತಳು. ಜಯಪುರದ ಕಡೆ ತಿರುಗುವಲ್ಲಿ ಕಾರು ನಿಲ್ಲಿಸಿ ನೀರು ಕೊಟ್ಟೆ. ಕಣ್ಣೊರೆಸಿಕೊಂಡು, ‘ಅಮ್ಮ ಕಥೆ ಹೇಳುವಾಗ ನೀವೂ ಇದ್ರಲ್ಲ’ ಎಂದಳು. ಹೌದು, ಇದ್ದೆ. ದೀಪದ ಬುಡದಲ್ಲಿ ಕತ್ತಲೆ.

ಮರುದಿನ ಅವಳೇ ಫೋನ್ ಮಾಡಿದಳು. ಧ್ವನಿ ಬೇರೆಯಾಗಿತ್ತು. ‘ಮೇಡಂ, ಕಲ್ಲು ಬಂದದ್ದೇ ಅಧ್ಯಾಯ ಆಗಬಹುದಲ್ಲ? ಅಷ್ಟು ಭಾರದ ಕಲ್ಲನ್ನ ಹೊತ್ತು ತಂದ್ರು, ಆದ್ದರಿಂದ...’ ಎಂದು ಹೇಳಿ ತಾನೇ ತಡೆದಳು. ಇಬ್ಬರಿಗೂ ನಗು ಬಂತು.

‘ಮುಗಿಸು, ಆದ್ದರಿಂದ ಏನು?’

‘ಆದ್ದರಿಂದ ಆ ವೀರರನ್ನ ತಮ್ಮ ಪೂರ್ವಿಕರು ಅಂತ ನಂಬಿದ್ರು.’

‘ಕಟ್ಟೆ ಕಟ್ಟೋಕೆ ಒಳ್ಳೇ ಚಪ್ಪಡಿ ಅಂತ ತಂದಿರಬಾರದಾ?’

ಉತ್ತರ ಹುಡುಕಲು ಆ ವಾರದ ಕೊನೆಗೆ ಅವಳ ತವರಿಗೆ ಹೋದೆವು. ತಾಯಿಗೆ ಎಪ್ಪತ್ತು ದಾಟಿದೆ, ಗಟ್ಟಿ ಹೆಂಗಸು. ಊರು ಬಿಟ್ಟು ಬರುವಾಗ ಚಿಕ್ಕ ಹುಡುಗಿ, ಅಪ್ಪನ ಗಾಡಿಯಲ್ಲಿ ಕಲ್ಲಿನ ಪಕ್ಕ ಹುಲ್ಲಿನ ಮೇಲೆ ಕೂತು ಬಂದವರು. ಅವರಿಗೆ ಅಣ್ಣತಮ್ಮಂದಿರಿಲ್ಲ. ಗಂಡನೇ ಮನೆ ಅಳಿಯನಾಗಿ ಬಂದದ್ದು, ಹಾಗಾಗಿ ಅಪ್ಪ ದಿಬ್ಬದ ಮೇಲೆ ಕಟ್ಟಿದ ಮನೆಯಲ್ಲೇ ಬಾಳಿದವರು. ಮಗಳು ಫೋನಿನಲ್ಲಿ ರೆಕಾರ್ಡ್ ಒತ್ತಿ ಎದುರಿಗಿಟ್ಟ ಕೂಡಲೇ ಅಮ್ಮ ಸೆರಗು ಸರಿಮಾಡಿಕೊಂಡು, ಭಾಷಣಕ್ಕೆ ನಿಂತವರ ಹಾಗೆ ಬಿಗಿಯಾದರು.

‘ಅಮ್ಮ, ಎಲ್ಲಿಂದ ಎಲ್ಲಿಗೆ ಬಂದ್ರಿ ಹೇಳು.’

‘ನಮ್ಮೂರಿಂದ ನಮ್ಮೂರಿಗೆ ಬಂದ್ವಿ’ ಎಂದರು ಅಮ್ಮ. ‘ಇನ್ನೆಲ್ಲಿಗೆ ಹೋಗದು?’

ನನ್ನ ಶಿಷ್ಯೆಯ ತಪ್ಪಿನ ಬೇರು ನನಗೆ ಕಂಡದ್ದು ಆಗ. ನನ್ನಂಥ ಹೊರಗಿನವಳಿಗೆ ಊರು ಎಂದರೆ ನೆಲ. ಇವರಿಗೆ ಊರು ಎಂದರೆ ಜನ, ದೈವ, ಹೆಸರು. ಅವೆಲ್ಲ ಒಟ್ಟಿಗೆ ದಿಬ್ಬ ಹತ್ತಿ ಬಂದಿದ್ದವು. ಊರೇ ಕದಲಿಲ್ಲ ಎಂದ ಮೇಲೆ ಊರಿನ ಕಲ್ಲು ಕದಲಿದ್ದು ಹೇಗೆ? ಗಾಡಿಯ ಕಥೆ ಒಂದು ಕಡೆ, ನಕ್ಷೆಯ ಚುಕ್ಕಿ ಇನ್ನೊಂದು ಕಡೆ, ಎರಡೂ ಒಂದೇ ತಲೆಯಲ್ಲಿದ್ದೂ ಒಂದಕ್ಕೊಂದು ಡಿಕ್ಕಿ ಹೊಡೆದಿರಲಿಲ್ಲ. ಬೇರೆ ಊರಿನ ಸಂಶೋಧಕಿಯಾಗಿದ್ದರೆ ಮೊದಲ ದಿನವೇ ಈ ಊರು ಯಾವಾಗಿನದು ಎಂದು ಕೇಳುತ್ತಿದ್ದಳು.

‘ಕಲ್ಲು ಯಾಕೆ ತಂದ್ರಿ ಅಮ್ಮ?’ ಎಂದು ನಾನು ಕೇಳಿದೆ.

‘ಯಾಕೆ ಅಂದ್ರೆ? ಬಿಟ್ಟು ಬರಕ್ಕಾಗ್ತದಾ ಮೇಡಂ? ನೀರೊಳಗೆ?’

‘ಪೂಜೆ ಮಾಡ್ತಿದ್ರಾ ಅವಕ್ಕೆ?’

‘ವರ್ಷಕ್ಕೊಂದು ಸಲ ಎಡೆ ಇಡ್ತಿದ್ರು. ಈಗ್ಲೂ ಇಡ್ತೀವಲ್ಲ, ನಾಕಕ್ಕೆ.’

ಐದರಲ್ಲಿ ನಾಲ್ಕಕ್ಕೆ! ಐದನೆಯದು ದಾರಿಯಲ್ಲಿ ಗಾಡಿಯಿಂದ ಬಿದ್ದು ಮೂಲೆ ಒಡೆದಿತ್ತಂತೆ. ಒಡೆದದ್ದಕ್ಕೆ ಎಡೆ ಇಡಬಾರದು ಎಂದು ಹಿರಿಯರು ಹೇಳಿದರಂತೆ. ಆದರೂ ಬಿಸಾಡದೆ ಸಾಲಿನಲ್ಲಿ ನಿಲ್ಲಿಸಿದರು. ಚಪ್ಪಡಿ ಬೇಕಿದ್ದವರಾದರೆ ಅದನ್ನಾದರೂ ಬಟ್ಟೆ ಒಗೆಯಲು ಹಾಕಿಕೊಳ್ಳುತ್ತಿದ್ದರು, ಹಾಕಿಕೊಂಡಿರಲಿಲ್ಲ. ನನ್ನ ಚಪ್ಪಡಿಯ ಆಕ್ಷೇಪಣೆ ಅಲ್ಲಿಗೆ ಸೋತಿತು. ಆದರೆ ‘ಪೂರ್ವಿಕರು’ ಎಂಬ ಅವಳ ಮಾತೂ ಗೆಲ್ಲಲಿಲ್ಲ. ಅವರು ನಿಮ್ಮ ಮನೆತನದವರಾ ಎಂದು ಕೇಳಿದ್ದಕ್ಕೆ ಅಮ್ಮ, ‘ಯಾರೋ ಏನೋ. ಊರಿನೋರು’ ಎಂದಷ್ಟೇ ಹೇಳಿದರು.

ಅವಳು ಅದನ್ನೇ ಬರೆದಳು. ಇರುವ ರಜೆಯನ್ನೆಲ್ಲ ಹಾಕಿ, ಊರಿನ ಉಳಿದ ಮುದುಕರನ್ನೂ ಮಾತಾಡಿಸಿ, ಅಧ್ಯಾಯವನ್ನು ಬುಡದಿಂದ ಕಟ್ಟಿದಳು. ಕಣಿವೆ ಹೋಯಿತು, ನಕ್ಷೆ ಹೋಯಿತು. ಕಲ್ಲುಗಳು ಮೂಲಸ್ಥಾನದಲ್ಲಿ ಇಲ್ಲ ಎಂಬುದನ್ನು ಮೊದಲ ಪುಟದಲ್ಲೇ ಹೇಳಿದಳು. ಸ್ಥಳಾಂತರಗೊಂಡ ಜನ ಈ ಕಲ್ಲುಗಳನ್ನು ರಕ್ತಸಂಬಂಧಕ್ಕಾಗಿ ಅಲ್ಲ, ಊರಿನ ಆಸ್ತಿ ಎಂದು ತಂದಿರುವ ಸಾಧ್ಯತೆಯೇ ಹೆಚ್ಚು ಎಂಬುದು ಹೊಸ ಪ್ರತಿಪಾದನೆ. ಅದರ ಕೆಳಗೆ ತಾನು ಯಾವ ಗೃಹೀತದ ಮೇಲೆ ನಿಂತಿದ್ದೇನೆಂದು ಒಂದು ಪ್ಯಾರಾ: ಬಳಕೆಗೆ ಬಾರದ ವಸ್ತುವನ್ನು ಕಷ್ಟಪಟ್ಟು ಸಾಗಿಸಿ ಕಾಪಾಡಿದವರಿಗೆ ಅದು ಬೆಲೆಯುಳ್ಳದ್ದಾಗಿರುತ್ತದೆ. ಯಾವಾಗ ಇದು ಸುಳ್ಳಾಗಬಹುದು ಎಂದೂ ಬರೆದಳು: ಸರ್ಕಾರ ಹೇಳಿ ತರಿಸಿದ್ದರೆ, ಅಥವಾ ಈಗಿನ ಮುದುಕರು ಹಿಂದಿನದನ್ನು ಈಗಿನ ಭಾವನೆಯಿಂದ ನೆನೆಯುತ್ತಿದ್ದರೆ. ಎರಡನೆಯದನ್ನು ತಾನು ಪೂರ್ತಿ ತಳ್ಳಿಹಾಕಲಾರೆ ಎಂದು ಒಪ್ಪಿಕೊಂಡಳು. ಹಳೆಯ ಅಧ್ಯಾಯದಷ್ಟು ಜೋರಾಗಿರಲಿಲ್ಲ ಅದು. ನಾನು ಓದಿದ ಅವಳ ಬರಹದಲ್ಲೆಲ್ಲ ಅದೇ ಒಳ್ಳೆಯದು. ವಾಯಿದೆಯೊಳಗೆ ಪ್ರಬಂಧ ಸಲ್ಲಿಸಿದಳು.

ಮೌಖಿಕ ಪರೀಕ್ಷೆಗೆ ನಮ್ಮಲ್ಲಿ ಮನೆಯವರೂ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಕೊನೆಗೆ ಸಿಹಿ ಹಂಚುತ್ತಾರೆ. ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಅವಳ ತಾಯಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಹೊರಗಿನ ಪರೀಕ್ಷಕರು ಶಾಸನ ಓದುವುದರಲ್ಲಿ ನುರಿತವರು, ಬಿಗುಮುಖದವರು. ಪುಟ ತಿರುಗಿಸಿ ನೇರ ನಾಲ್ಕನೇ ಅಧ್ಯಾಯಕ್ಕೆ ಬಂದರು.

‘ಕಲ್ಲುಗಳು ಇಲ್ಲಿಯವಲ್ಲ ಅಂತ ನೀವೇ ಬರೆದಿದ್ದೀರಿ. ಆದರೆ ಅಧ್ಯಾಯದ ಶೀರ್ಷಿಕೆಯಲ್ಲಿ ಈ ಊರಿನ ವೀರಗಲ್ಲುಗಳು ಅಂತ ಇದೆ. ಯಾವ ಊರಿನವು ಇವು?’

ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಅವಳು ಒಮ್ಮೆ ನನ್ನ ಕಡೆ ನೋಡಿದಳು, ನಾನು ಮೇಜು ನೋಡಿದೆ.

‘ಅದೇ ಊರಿನವು ಸರ್’ ಎಂದಳು. ‘ಆ ಊರು ಈಗ ಇಲ್ಲ. ನೀರಿನ ಕೆಳಗಿದೆ. ದಿಬ್ಬದ ಮೇಲಿರೋದು ಅದರ ಹೆಸರಿಟ್ಟುಕೊಂಡ ಬೇರೆ ಊರು. ಅದೇ ಊರು ಅಂತ ನಾವು ಯಾವಾಗಲೂ ಅಂದುಕೊಂಡಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ, ಅದರಿಂದಲೇ ಮೊದಲ ಕರಡಿನಲ್ಲಿ ತಪ್ಪಿದೆ. ಶೀರ್ಷಿಕೆ ತಿದ್ದುತ್ತೇನೆ.’

ಪರೀಕ್ಷಕರು ಪೆನ್ನು ತೆಗೆದು ಶೀರ್ಷಿಕೆಯ ಕೆಳಗೆ ಗೆರೆ ಎಳೆದರು. ‘ತಿದ್ದಿ’ ಎಂದು ಪುಸ್ತಕ ಮುಚ್ಚಿದರು. ಪದವಿಗೆ ಶಿಫಾರಸು ಮಾಡುತ್ತೇನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಯಿತು, ಮುಚ್ಚಿಟ್ಟುಕೊಳ್ಳಲು ಹೋಗಲಿಲ್ಲ. ಮೈಸೂರುಪಾಕಿನ ಡಬ್ಬಿ ಹಿಡಿದು ಅವಳ ಗಂಡ ಒಬ್ಬೊಬ್ಬರ ಬಳಿಯೂ ಹೋದರು.

ತಾಯಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಮಗಳು ಹೋಗಿ ಕಾಲಿಗೆ ನಮಸ್ಕಾರ ಮಾಡಿದಳು. ಅವರು ತಲೆ ಮುಟ್ಟಿ ಹರಸಿದರು. ಆಮೇಲೆ ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

‘ನಮ್ಮೂರು ಇಲ್ಲ ಅಂದ್ಯಲ್ಲ ಈಗ?’

‘ಅಮ್ಮ, ಅದು ನಿಂಗೆ ಗೊತ್ತಿದ್ದದ್ದೇ ಅಲ್ವಾ.’

‘ಗೊತ್ತಿತ್ತು ಕಣೇ’ ಎಂದರು ಅಮ್ಮ. ‘ಇದುವರೆಗೆ ಯಾರೂ ಹೇಳಿರ್ಲಿಲ್ಲ.’

ಅವರು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಊರು ಮುಳುಗಿದ್ದಕ್ಕೆ ಆ ಮನೆಯಲ್ಲಿ ಯಾರೂ ಅತ್ತಿರಲಿಲ್ಲ ಎಂದು ಮಗಳು ಆಮೇಲೆ ನನಗೆ ಹೇಳಿದಳು. ಗಂಡ ಹತ್ತಿರ ಬಂದು ಸಿಹಿಯ ಡಬ್ಬಿ ಚಾಚಿದಾಗ ಅವಳು ಅಮ್ಮನ ಪಕ್ಕ ನೆಲದ ಮೇಲೆಯೇ ಕೂತು, ಸ್ವಲ್ಪ ತಡೀರಿ ಎಂದು ಕೈಸನ್ನೆ ಮಾಡಿದಳು.